ಉಳುಕಿದ ಕಾಲಿಗೆ ಐಸ್, ಹಿಡಿದುಕೊಂಡ ಸೊಂಟಕ್ಕೆ ಶಾಖ: ಯಾಕೆ, ಎಷ್ಟು ಹೊತ್ತು, ಯಾವಾಗ ಬದಲಿಸಬೇಕು

ಕಾಲು ಉಳುಕಿದ ಕೂಡಲೇ ಪಕ್ಕದಲ್ಲಿರುವ ಒಬ್ಬರು ಐಸ್ ಇಡಿ ಅನ್ನುತ್ತಾರೆ, ಇನ್ನೊಬ್ಬರು ಬಿಸಿ ಶಾಖ ಕೊಡಿ ಅನ್ನುತ್ತಾರೆ. ಈಗ ಕೆಲವು ವರ್ಷಗಳಿಂದ ಮೂರನೆಯವರೂ ಸೇರಿಕೊಂಡಿದ್ದಾರೆ. ಐಸ್ ಇಡಲೇಬೇಡಿ, ಅದರಿಂದ ಗಾಯ ಮಾಯುವುದು ತಡವಾಗುತ್ತದೆ ಅನ್ನುವವರು. ಸೊಂಟ ಹಿಡಿದುಕೊಂಡಾಗಲೂ ಇದೇ ಗೊಂದಲ. ಕೊನೆಗೆ ನೋವು ತಿನ್ನುತ್ತಿರುವವರು ಕೈಗೆ ಸಿಕ್ಕಿದ್ದನ್ನು ಇಟ್ಟುಕೊಂಡು ಸುಮ್ಮನಾಗುತ್ತಾರೆ.

ಸಾಮಾನ್ಯವಾಗಿ ಎಲ್ಲರೂ ನೆನಪಿಟ್ಟುಕೊಂಡಿರುವ ಸೂತ್ರ ಒಂದಿದೆ: ಹೊಸ ನೋವಿಗೆ ಐಸ್, ಹಳೆ ನೋವಿಗೆ ಶಾಖ. ಇದು ಅರ್ಧ ಮಾತ್ರ ಸರಿ. ಇವತ್ತು ಬೆಳಿಗ್ಗೆ ಬಗ್ಗಿದಾಗ ಹಿಡಿದುಕೊಂಡ ಸೊಂಟ ಹೊಸ ನೋವೇ ಅಲ್ವಾ? ಆದರೂ ಅಲ್ಲಿ ಐಸ್‌ಗಿಂತ ಶಾಖಕ್ಕೇ ಆಧಾರ ಜಾಸ್ತಿ ಇದೆ. ಅದೇ ಹತ್ತು ದಿನದ ಹಿಂದೆ ಉಳುಕಿದ ಕಾಲು ಸಂಜೆ ಓಡಾಟದ ನಂತರ ಮತ್ತೆ ಊದಿಕೊಂಡು ಬಿಸಿಯಾಗಿದ್ದರೆ, ನೋವು ಹಳೆಯದಾದರೂ ಐಸೇ ಹಿತ. ಹಾಗಾಗಿ ಕ್ಯಾಲೆಂಡರ್ ನೋಡುವುದಕ್ಕಿಂತ ಚರ್ಮದ ಕೆಳಗೆ ಈಗ ಏನು ನಡೆಯುತ್ತಿದೆ ಅನ್ನುವುದನ್ನು ನೋಡಬೇಕು. ಅಲ್ಲಿ ಏನಾದರೂ ಹರಿದು, ರಕ್ತ ಮತ್ತು ನೀರು ಸೋರಿ ಊತ ಬರುತ್ತಿದೆಯಾ? ಅಥವಾ ಏನೂ ಊದಿಲ್ಲ, ಸ್ನಾಯು ಬಿಗಿದುಕೊಂಡು ಬಿಡಲು ಒಪ್ಪುತ್ತಿಲ್ಲವಾ? ಐಸೋ ಶಾಖವೋ ಅನ್ನುವುದಕ್ಕೆ ಉತ್ತರ ಇಲ್ಲಿಂದಲೇ ಸಿಗುತ್ತದೆ.

ಉಳುಕಿದಾಗ ಒಳಗೆ ಆಗುವುದೇನು

ಹೆಚ್ಚಿನ ಉಳುಕು ಒಂದೇ ರೀತಿ ಆಗುತ್ತದೆ. ಪಾದ ಒಳಮುಖವಾಗಿ ಮಗುಚುತ್ತದೆ, ದೇಹದ ಭಾರವೆಲ್ಲ ಗಿಣ್ಣಿನ ಹೊರಬದಿಯ ಮೇಲೆ ಬೀಳುತ್ತದೆ. ಅಲ್ಲಿ ಮೂಳೆಯಿಂದ ಮೂಳೆಗೆ ಕಟ್ಟಿರುವ ಲಿಗಮೆಂಟ್‌ಗಳಿವೆ. ಅವುಗಳಲ್ಲಿ ಹೊರಗಿಣ್ಣಿನ ಮುಂದೆ ಇರುವ ಲಿಗಮೆಂಟ್ ಮೊದಲು ಪೆಟ್ಟು ತಿನ್ನುತ್ತದೆ. ಅದು ಬರೀ ಎಳೆದಿರಬಹುದು, ಭಾಗಶಃ ಹರಿದಿರಬಹುದು, ಪೂರ್ತಿ ತುಂಡಾಗಿರಲೂಬಹುದು. ಹರಿದ ಕಡೆ ಸಣ್ಣ ರಕ್ತನಾಳಗಳೂ ಒಡೆಯುತ್ತವೆ. ಕೆಲವೇ ನಿಮಿಷಗಳಲ್ಲಿ ಊತ ಶುರು. ಒಂದೆರಡು ದಿನ ಅದು ಏರುತ್ತಾ ಹೋಗುತ್ತದೆ, ಆಮೇಲೆ ಕಂದು ನೀಲಿ ಬಣ್ಣ ಪಾದದ ಕಡೆಗೆ ಇಳಿಯುತ್ತದೆ.

ಇಂಥ ಜಾಗಕ್ಕೆ ಮೊದಲ ದಿನವೇ ಬಿಸಿ ಕೊಟ್ಟರೆ ರಕ್ತನಾಳಗಳು ಅಗಲವಾಗುತ್ತವೆ, ಸೋರಿಕೆಗೆ ಇನ್ನಷ್ಟು ದಾರಿಯಾಗುತ್ತದೆ. ಕಾಲು ಜಾಸ್ತಿ ಊದುತ್ತದೆ, ನಾಡಿ ಬಡಿದ ಹಾಗೆ ಮಿಡಿಯುವ ನೋವು ಬರುತ್ತದೆ. ಬಿಸಿನೀರಲ್ಲಿ ಕಾಲಿಟ್ಟ ಐದು ನಿಮಿಷ ಹಾಯೆನಿಸಿ, ಅರ್ಧ ಗಂಟೆಯ ನಂತರ ಗಿಣ್ಣೇ ಕಾಣದಷ್ಟು ಊದಿತು ಅನ್ನುವವರ ಅನುಭವಕ್ಕೆ ಕಾರಣ ಇದು. ಮೊದಲ ಎರಡು ಮೂರು ದಿನ ಬಲವಾಗಿ ಉಜ್ಜುವುದೂ ಬೇಡ ಅನ್ನುವುದಕ್ಕೂ ಇದೇ ಕಾರಣ.

ಇನ್ನು ಐಸ್. ಅದರ ಬಗ್ಗೆ ನಾವು ಅಂದುಕೊಂಡಿರುವುದಕ್ಕೂ ಅದು ನಿಜಕ್ಕೂ ಮಾಡುವುದಕ್ಕೂ ಅಂತರವಿದೆ. ತಣ್ಣಗಾದ ನರದಲ್ಲಿ ನೋವಿನ ಸಂದೇಶ ನಿಧಾನವಾಗಿ ಸಾಗುತ್ತದೆ. ಹಾಗಾಗಿ ನೋವು ಕಡಿಮೆ ಎನಿಸುತ್ತದೆ. ಇದಂತೂ ಖಚಿತ. ಊತವನ್ನು ಐಸ್ ಎಷ್ಟು ಇಳಿಸುತ್ತದೆ ಅನ್ನುವುದಕ್ಕೆ ಮನುಷ್ಯರ ಮೇಲೆ ನಡೆದ ಪ್ರಯೋಗಗಳಲ್ಲಿ ಸಿಕ್ಕ ಪುರಾವೆ ಮಾತ್ರ ಬಲವಾಗಿಲ್ಲ. ಊತದ ವಿಷಯದಲ್ಲಿ ಬ್ಯಾಂಡೇಜ್ ಸುತ್ತುವುದನ್ನೂ, ಕಾಲನ್ನು ಎದೆಮಟ್ಟಕ್ಕಿಂತ ಮೇಲೆ ಇಡುವುದನ್ನೂ ಬಿಟ್ಟು ಐಸ್ ಒಂದನ್ನೇ ನಂಬಿ ಕೂರಬಾರದು. ಅಂದರೆ ಐಸ್ ಇಲ್ಲಿ ನೋವಿನ ಮದ್ದು. ಅಷ್ಟೇ ಅಂತ ಅದನ್ನು ಸಣ್ಣದು ಮಾಡಬೇಕಾಗಿಲ್ಲ. ನೋವು ಕಡಿಮೆಯಾದರೆ ಪಾದವನ್ನು ಸ್ವಲ್ಪ ಆಡಿಸಬಹುದು, ರಾತ್ರಿ ನಿದ್ದೆ ಬರುತ್ತದೆ. ಮೊದಲ ಎರಡು ದಿನ ಇವೆರಡೂ ದೊಡ್ಡ ವಿಷಯಗಳೇ.

ಐಸ್ ಮೇಲೆ ಈ ಅನುಮಾನ ಬಂದದ್ದು ಎಲ್ಲಿಂದ

1978ರಲ್ಲಿ ಅಮೆರಿಕದ ಕ್ರೀಡಾವೈದ್ಯ ಗೇಬ್ ಮಿರ್ಕಿನ್ ಅವರು ವಿಶ್ರಾಂತಿ, ಐಸ್, ಒತ್ತುಪಟ್ಟಿ, ಕಾಲು ಎತ್ತಿಡುವುದು ಈ ನಾಲ್ಕರ ಇಂಗ್ಲಿಷ್ ಹೆಸರುಗಳ ಮೊದಲಕ್ಷರ ಸೇರಿಸಿ ‘ರೈಸ್’ ಅನ್ನುವ ಹೆಸರು ಕೊಟ್ಟರು. ನೆನಪಿಡಲು ಸುಲಭವಿತ್ತು, ಹಾಗಾಗಿ ಎಲ್ಲ ಕಡೆ ಹಬ್ಬಿತು. 2014ರ ಹೊತ್ತಿಗೆ ಅದೇ ಮಿರ್ಕಿನ್, ಐಸೂ ಪೂರ್ತಿ ವಿಶ್ರಾಂತಿಯೂ ಗುಣವಾಗುವುದನ್ನು ನಿಧಾನ ಮಾಡಬಹುದು ಎಂದು ಬರೆದರು. ಈ ನಡುವೆ 2012ರಲ್ಲಿ ಬ್ರಿಟಿಷ್ ಕ್ರೀಡಾವೈದ್ಯ ಪತ್ರಿಕೆಯೊಂದರಲ್ಲಿ, ವಿಶ್ರಾಂತಿಯ ಜಾಗದಲ್ಲಿ ‘ಸಹಿಸುವಷ್ಟು ಭಾರ ಹಾಕುವುದು’ ಬರಬೇಕು ಅನ್ನುವ ವಾದ ಬಂದಿತ್ತು. ಐಸ್ ಇನ್ನೂ ಪಟ್ಟಿಯಲ್ಲಿತ್ತು. 2019ರಲ್ಲಿ ಕೆನಡಾದ ಇಬ್ಬರು ಫಿಸಿಯೋಥೆರಪಿಸ್ಟ್‌ಗಳು ಮುಂದಿಟ್ಟ ಹೊಸ ಪಟ್ಟಿಯಲ್ಲಿ ಐಸ್ ಇರಲೇ ಇಲ್ಲ.

ವಾದ ಇಷ್ಟು. ಊತ ಮತ್ತು ಉರಿಯೂತ ಬರೀ ತೊಂದರೆಯಲ್ಲ, ರಿಪೇರಿಯ ಮೊದಲ ಹಂತ. ಹರಿದ ಅಂಶಗಳನ್ನು ತೆಗೆದುಹಾಕುವ, ಹೊಸ ಅಂಗಾಂಶಕ್ಕೆ ಸೂಚನೆ ಕೊಡುವ ಕಣಗಳು ರಕ್ತದ ಮೂಲಕವೇ ಅಲ್ಲಿಗೆ ಬರಬೇಕು. ತಣ್ಣಗೆ ಮಾಡಿ ರಕ್ತನಾಳ ಕುಗ್ಗಿಸಿದರೆ ಅವು ಬರುವುದು ತಡವಾಗುತ್ತದೆ. ಇಲಿಗಳ ಸ್ನಾಯುವಿಗೆ ಪೆಟ್ಟು ಮಾಡಿ ಐಸ್ ಇಟ್ಟು ನೋಡಿದ ಪ್ರಯೋಗಗಳಲ್ಲಿ ಇಂಥ ವಿಳಂಬ ಕಂಡಿದೆ ಕೂಡ.

ಇದನ್ನು ನಾನು ಗಂಭೀರವಾಗಿಯೇ ತೆಗೆದುಕೊಳ್ಳುತ್ತೇನೆ, ಆದರೆ ಇದರಿಂದ ‘ಐಸ್ ಅಪಾಯ’ ಅನ್ನುವ ತೀರ್ಮಾನಕ್ಕೆ ಹಾರುವುದು ತಪ್ಪು. ಇಲಿಯ ಕಾಲು ಸಣ್ಣದು, ಐಸ್ ಇಟ್ಟರೆ ಸ್ನಾಯುವೆಲ್ಲ ಆಳದವರೆಗೆ ತಣ್ಣಗಾಗುತ್ತದೆ. ಮನುಷ್ಯರಲ್ಲಿ ಬಟ್ಟೆಯ ಮೇಲಿನಿಂದ ಹತ್ತು ನಿಮಿಷ ಇಟ್ಟ ಐಸ್ ಮುಖ್ಯವಾಗಿ ಚರ್ಮವನ್ನೂ ಅದರ ಕೆಳಗಿನ ತೆಳು ಪದರವನ್ನೂ ತಣಿಸುತ್ತದೆ. ಅದೂ ತೆಗೆದ ಮೇಲೆ ಮೆಲ್ಲಗೆ ಮತ್ತೆ ಬಿಸಿಯಾಗುತ್ತದೆ. ಉಳುಕಿದ ಕಾಲಿಗೆ ಎರಡು ದಿನ ಹೀಗೆ ಸ್ವಲ್ಪ ಸ್ವಲ್ಪ ಹೊತ್ತು ಐಸ್ ಇಟ್ಟಿದ್ದರಿಂದ ಜನ ತಡವಾಗಿ ಗುಣವಾದರು ಅಂತ ಮನುಷ್ಯರಲ್ಲಿ ತೋರಿಸಿದ ಗಟ್ಟಿ ಪುರಾವೆ ಇಲ್ಲ. ಬೇಗ ಗುಣವಾದರು ಅನ್ನುವುದಕ್ಕೂ ಇಲ್ಲ. ಹಾಗಾದರೆ ಉಳಿಯುವುದೇನು? ನೋವಿಗೆ ಬೇಕಿದ್ದರೆ ಇಡಿ, ಸ್ವಲ್ಪ ಹೊತ್ತು ಇಡಿ, ಮೊದಲ ಎರಡು ಮೂರು ದಿನ ಇಡಿ. ನೋವೇ ಅಷ್ಟಿಲ್ಲ ಅಂದರೆ ಐಸ್ ಇಡದಿದ್ದರೂ ಏನೂ ಕಳೆದುಕೊಳ್ಳುವುದಿಲ್ಲ. ದಿನವಿಡೀ ಐಸಿನ ಬಕೆಟ್‌ನಲ್ಲಿ ಕಾಲಿಟ್ಟುಕೊಂಡು ಕೂರುವ ಪದ್ಧತಿಗೆ ಮಾತ್ರ ಸಮರ್ಥನೆ ಇಲ್ಲ.

ಎಷ್ಟು ಹೊತ್ತು ಅನ್ನುವುದಕ್ಕೂ ಒಂದು ಉಪಯೋಗವಾಗುವ ಪ್ರಯೋಗವಿದೆ. 2006ರಲ್ಲಿ ಕಾಲು ಉಳುಕಿದವರನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪು ಇಪ್ಪತ್ತು ನಿಮಿಷ ಒಟ್ಟಿಗೆ ಐಸ್ ಇಟ್ಟಿತು. ಇನ್ನೊಂದು ಗುಂಪು ಹತ್ತು ನಿಮಿಷ ಇಟ್ಟು, ಹತ್ತು ನಿಮಿಷ ತೆಗೆದು, ಮತ್ತೆ ಹತ್ತು ನಿಮಿಷ ಇಟ್ಟಿತು. ಮೊದಲ ವಾರದಲ್ಲಿ ಓಡಾಡುವಾಗಿನ ನೋವು ಬಿಟ್ಟು ಬಿಟ್ಟು ಇಟ್ಟವರಿಗೆ ಕಡಿಮೆ ಇತ್ತು. ಊತದಲ್ಲಿ, ಕಾಲಿನ ಕೆಲಸದಲ್ಲಿ ವ್ಯತ್ಯಾಸ ಕಾಣಲಿಲ್ಲ. ನನಗೆ ಈ ಹತ್ತು-ಹತ್ತು-ಹತ್ತು ಕ್ರಮ ಇಷ್ಟವಾಗುವುದಕ್ಕೆ ಇನ್ನೊಂದು ಕಾರಣವೂ ಇದೆ. ನಡುವಿನ ಹತ್ತು ನಿಮಿಷ ಚರ್ಮ ಮತ್ತೆ ಬಿಸಿಯಾಗಲು ಸಮಯ ಸಿಗುತ್ತದೆ, ಸುಟ್ಟ ಹಾಗಾಗುವ ಅಪಾಯ ತಗ್ಗುತ್ತದೆ.

ಐಸ್ ಇಡುವಾಗ ಚರ್ಮ ಮೊದಲು ಚಳಿ ಎನ್ನುತ್ತದೆ, ಆಮೇಲೆ ಉರಿ, ಆಮೇಲೆ ಒಂಥರಾ ಆಳದ ನೋವು, ಕೊನೆಗೆ ಮರಗಟ್ಟುತ್ತದೆ. ಮರಗಟ್ಟಿತು ಅಂದರೆ ಸಾಕು, ತೆಗೆಯಬೇಕು. ಐಸ್ ತುಂಡನ್ನು ನೇರವಾಗಿ ಚರ್ಮಕ್ಕೆ ಒತ್ತಿಡಬಾರದು, ಒದ್ದೆ ಮಾಡಿ ಹಿಂಡಿದ ತೆಳು ಬಟ್ಟೆ ಮಧ್ಯೆ ಇರಲಿ. ಫ್ರೀಜರ್‌ನಿಂದ ತೆಗೆದ ಜೆಲ್ ಪ್ಯಾಕ್ ಕರಗುವ ಐಸ್‌ಗಿಂತ ತಣ್ಣಗಿರಬಹುದು, ಅದರ ಜೊತೆ ಇನ್ನೂ ಹುಷಾರು ಬೇಕು. ತೆಗೆದ ಮೇಲೆ ಚರ್ಮ ಕೆಂಪಗಿರುವುದು ಸಹಜ. ಬಿಳಿಚಿಕೊಂಡು ಗಟ್ಟಿಯಾಗಿದ್ದರೆ ಅತಿಯಾಗಿದೆ ಎಂದರ್ಥ. ಐಸ್ ಇಟ್ಟುಕೊಂಡೇ ನಿದ್ದೆ ಹೋಗುವುದು ಬೇಡ. ಹಾಗೇ, ಮರಗಟ್ಟಿದ ಕಾಲಲ್ಲಿ ತಕ್ಷಣ ಆಟಕ್ಕೆ ಇಳಿಯುವುದೂ ಬೇಡ. ಪಾದ ಎಲ್ಲಿದೆ, ಹೇಗೆ ವಾಲುತ್ತಿದೆ ಅನ್ನುವ ಅರಿವು ಆಗ ಮಂಕಾಗಿರುತ್ತದೆ, ಮತ್ತೆ ಮಗುಚುವುದು ಸುಲಭ.

ಸೊಂಟದ ಕಥೆ ಬೇರೆ

ಸೊಂಟ ಹಿಡಿದುಕೊಂಡಾಗ ಹೆಚ್ಚಿನ ಸಲ ಕಣ್ಣಿಗೆ ಕಾಣುವ ಊತವಿಲ್ಲ, ಬಣ್ಣ ಬದಲಾಗಿಲ್ಲ, ಮುಟ್ಟಿದರೆ ಬಿಸಿಯಿಲ್ಲ. ಬೆನ್ನುಮೂಳೆಯ ಎರಡೂ ಪಕ್ಕದ ಉದ್ದ ಸ್ನಾಯುಗಳು ಹಗ್ಗದಂತೆ ಬಿಗಿದಿರುತ್ತವೆ. ಬಗ್ಗಿದರೆ ನೋವು, ಎದ್ದರೆ ನೋವು, ಹೊರಳಿದರೆ ನೋವು. ಯಾವುದೋ ಒಂದು ಅಸಹಜ ಎಳೆತವಾಯಿತು, ಅಥವಾ ತಾಸುಗಟ್ಟಲೆ ಒಂದೇ ಭಂಗಿಯಲ್ಲಿ ಕೂತಿದ್ದಾಯಿತು. ಆ ಜಾಗವನ್ನು ಕಾಪಾಡಲು ದೇಹವೇ ಸ್ನಾಯುಗಳನ್ನು ಬಿಗಿಯುತ್ತದೆ. ಬಿಗಿದ ಸ್ನಾಯು ನೋಯುತ್ತದೆ, ನೋವಿಗೆ ಇನ್ನೂ ಬಿಗಿಯುತ್ತದೆ. ನೋವಿನ ಭಯಕ್ಕೆ ಅಲುಗಾಡುವುದನ್ನು ಬಿಟ್ಟರೆ ಮರುದಿನ ಇನ್ನೂ ಗಟ್ಟಿ.

ಇಲ್ಲಿ ಶಾಖ ಕೆಲಸ ಮಾಡುತ್ತದೆ, ಆದರೆ ಹೇಗೆ ಅನ್ನುವುದನ್ನು ಸರಿಯಾಗಿ ತಿಳಿದುಕೊಂಡರೆ ಒಳ್ಳೆಯದು. ಬಿಸಿ ಚೀಲದ ಶಾಖ ಚರ್ಮದಿಂದ ಒಂದೆರಡು ಸೆಂಟಿಮೀಟರ್ ಆಳಕ್ಕೆ ಮಾತ್ರ ಚೆನ್ನಾಗಿ ಇಳಿಯುತ್ತದೆ. ಕೊಬ್ಬಿನ ಪದರ ದಪ್ಪಗಿದ್ದರೆ ಅದೂ ಇಲ್ಲ. ಸೊಂಟದ ಆಳದ ಸ್ನಾಯುಗಳು, ಬೆನ್ನೆಲುಬಿನ ಕೀಲುಗಳು ನಿಜವಾಗಿ ಬಿಸಿಯಾಗುವುದು ಕಡಿಮೆ. ಆದರೂ ಹಿತವೆನಿಸುವುದು ಯಾಕೆಂದರೆ ಚರ್ಮದಲ್ಲಿರುವ ಬಿಸಿ ಅರಿಯುವ ನರಗಳು ಕಳಿಸುವ ಸಂದೇಶ, ಬೆನ್ನುಹುರಿಯ ಮಟ್ಟದಲ್ಲೇ ನೋವಿನ ಸಂದೇಶವನ್ನು ತಗ್ಗಿಸುತ್ತದೆ. ನೋವು ತಗ್ಗಿದರೆ ಬಿಗಿತ ಸಡಿಲವಾಗುತ್ತದೆ. ಹಾಗಾಗಿ ಆಳಕ್ಕೆ ಇಳಿಯಲಿ ಅಂತ ಇನ್ನೂ ಬಿಸಿ, ಇನ್ನೂ ಬಿಸಿ ಅಂತ ಏರಿಸುತ್ತಾ ಹೋಗುವುದರಲ್ಲಿ ಅರ್ಥವಿಲ್ಲ. ಆಳಕ್ಕೆ ಹೋಗುವ ಮೊದಲು ಚರ್ಮ ಸುಡುತ್ತದೆ.

ಪುರಾವೆಯ ಮಾತಿಗೆ ಬಂದರೆ, ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡುವ ಕಾಕ್ರೇನ್ ಪರಿಶೀಲನೆಗಳಲ್ಲಿ 2006ರದ್ದರಲ್ಲಿ ಹೊಸ ಸೊಂಟನೋವಿಗೂ, ಮೂರು ತಿಂಗಳವರೆಗಿನ ಸೊಂಟನೋವಿಗೂ ಶಾಖದ ಪಟ್ಟಿ ಸ್ವಲ್ಪ ಕಾಲದ ಮಟ್ಟಿಗೆ ನೋವನ್ನು ಸ್ವಲ್ಪ ಇಳಿಸುತ್ತದೆ ಅಂತ ಕಂಡಿತು. ಜೊತೆಗೆ ವ್ಯಾಯಾಮ ಸೇರಿದರೆ ಇನ್ನೂ ಒಳ್ಳೆಯದು. ಐಸ್ ಬಗ್ಗೆ ಹೇಳಲು ಸಾಕಷ್ಟು ಪುರಾವೆಯೇ ಸಿಗಲಿಲ್ಲ. 2017ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಅನ್ನುವ ವೈದ್ಯರ ಸಂಘ ಕೊಟ್ಟ ಮಾರ್ಗಸೂಚಿ ಕೂಡ ಹೊಸ ಸೊಂಟನೋವಿಗೆ ಮೊದಲು ಮಾತ್ರೆಯಿಲ್ಲದ ದಾರಿಗಳನ್ನೇ ಹೇಳಿ, ಅದರಲ್ಲಿ ಶಾಖವನ್ನು ಸೇರಿಸಿತು. ಗಮನಿಸಿ, ‘ಸ್ವಲ್ಪ ಕಾಲ’, ‘ಸ್ವಲ್ಪ’. ಶಾಖ ಸೊಂಟವನ್ನು ಗುಣ ಮಾಡುವುದಿಲ್ಲ, ಅಲುಗಾಡಲು ಒಂದು ಅವಕಾಶ ಮಾಡಿಕೊಡುತ್ತದೆ. ಆ ಅವಕಾಶವನ್ನು ಬಳಸದೆ, ಚೀಲ ಇಟ್ಟುಕೊಂಡು ಮಲಗಿ, ಚೀಲ ತಣ್ಣಗಾದ ಮೇಲೆ ಇನ್ನೊಂದು ತುಂಬಿಸಿಕೊಂಡು ಮತ್ತೆ ಮಲಗಿದರೆ, ಸಂಜೆಗೆ ಸೊಂಟ ಬೆಳಿಗ್ಗೆಯಂತೆಯೇ ಇರುತ್ತದೆ.

ಸೊಂಟಕ್ಕೆ ಐಸ್ ಇಟ್ಟರೆ ತಪ್ಪಾ? ಅಪಾಯವೇನೂ ಇಲ್ಲ. ಕೆಲವರಿಗೆ ಅದೇ ಹಿತ. ಆದರೆ ಬಿಗಿದ ಸ್ನಾಯುವಿನ ಮೇಲೆ ತಣ್ಣನೆಯದು ತಗುಲಿದಾಗ ಹೆಚ್ಚಿನವರು ಇನ್ನೂ ಮುದುಡಿಕೊಳ್ಳುತ್ತಾರೆ. ಬೆನ್ನಿಗೆ ನೇರ ಪೆಟ್ಟು ಬಿದ್ದು ಅಲ್ಲಿ ಕಂದುಗಟ್ಟಿ ಊದಿದ್ದರೆ ಮಾತ್ರ ಅದು ಉಳುಕಿದ ಕಾಲಿನ ಲೆಕ್ಕಕ್ಕೇ ಬರುತ್ತದೆ, ಮೊದಲೆರಡು ದಿನ ಐಸ್ ಸರಿ.

ಒಬ್ಬರಿಗೇ ಎರಡೂ ಬಂದಾಗ

ಇದು ಅಪರೂಪವಲ್ಲ. ಒಂದು ಉದಾಹರಣೆ ತೆಗೆದುಕೊಳ್ಳೋಣ. ನಲವತ್ತು ದಾಟಿದ, ಕೂತು ಕೆಲಸ ಮಾಡುವ, ಬೇರೆ ಕಾಯಿಲೆಯಿಲ್ಲದ ಒಬ್ಬರು ಶುಕ್ರವಾರ ಸಂಜೆ ಮೆಟ್ಟಿಲಿಳಿಯುವಾಗ ಕೊನೆಯ ಮೆಟ್ಟಿಲು ತಪ್ಪಿ ಬಲಗಾಲು ಉಳುಕಿಸಿಕೊಂಡರು ಅಂದುಕೊಳ್ಳಿ.

ಐಸ್ ಹುಡುಕುವ ಮೊದಲು ಅವರು ನೋಡಬೇಕಾದದ್ದು ಮೂಳೆ ಮುರಿದಿದೆಯಾ ಅನ್ನುವುದನ್ನು. ಇದಕ್ಕೆ ಕೆನಡಾದ ಒಟ್ಟಾವಾದಲ್ಲಿ ರೂಪಿಸಿ 1992ರಲ್ಲಿ ಪ್ರಕಟಿಸಿದ ನಿಯಮಗಳಿವೆ, ವೈದ್ಯರು ಇವತ್ತಿಗೂ ಬಳಸುತ್ತಾರೆ. ಒಳಗಿಣ್ಣು, ಹೊರಗಿಣ್ಣು ಎರಡರ ಹಿಂಬದಿಯ ಅಂಚನ್ನೂ ತುದಿಯಿಂದ ಮೇಲಕ್ಕೆ 6 ಸೆಂಟಿಮೀಟರ್‌ವರೆಗೆ ಬೆರಳಿಂದ ಒತ್ತಿ ನೋಡುವುದು. ಆಮೇಲೆ ಪಾದದ ಹೊರ ಅಂಚಿನ ನಡುವೆ, ಕಿರುಬೆರಳಿನ ಉದ್ದ ಮೂಳೆ ಹಿಂದೆ ಉಬ್ಬಿರುವ ಜಾಗ, ಮತ್ತು ಪಾದದ ಒಳಬದಿಯಲ್ಲಿ ಒಳಗಿಣ್ಣಿನ ಸ್ವಲ್ಪ ಮುಂದೆ ಇರುವ ಮೂಳೆ. ಇವುಗಳಲ್ಲಿ ಯಾವುದಾದರೂ ಮೂಳೆಯ ಮೇಲೇ ಒತ್ತಿದಾಗ ನೋವು ಇದ್ದರೆ, ಅಥವಾ ಬಿದ್ದ ಕೂಡಲೇ ಮತ್ತು ಪರೀಕ್ಷೆಯ ಹೊತ್ತಿಗೂ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, ಎಕ್ಸ್‌ರೇ ಬೇಕು. ಕುಂಟುತ್ತಾ ಇಟ್ಟರೂ ಹೆಜ್ಜೆಯೇ. ನಮ್ಮ ಉದಾಹರಣೆಯವರು ಕುಂಟುತ್ತಾ ನಾಲ್ಕು ಹೆಜ್ಜೆ ಇಟ್ಟರು, ಮೂಳೆಯ ಮೇಲೆ ನೋವಿಲ್ಲ, ಹೊರಗಿಣ್ಣಿನ ಮುಂದಿನ ಮೆತ್ತನೆಯ ಜಾಗದಲ್ಲಿ ಮಾತ್ರ ನೋವು. ಹಾಗಾಗಿ ಮನೆಯಲ್ಲೇ ನೋಡಿಕೊಳ್ಳಬಹುದು. ಪಾದ ತಿರುಚಿಕೊಂಡಂತೆ ಕಂಡರೆ, ಬೆರಳುಗಳು ತಣ್ಣಗಾಗಿ ಬಿಳಿಚಿದ್ದರೆ, ಜೋಮು ಹಿಡಿದಿದ್ದರೆ ಈ ಪರೀಕ್ಷೆಗೂ ಕಾಯಬಾರದು, ನೇರ ಆಸ್ಪತ್ರೆಗೆ.

ಶುಕ್ರವಾರ ರಾತ್ರಿ ಅವರು ಹತ್ತು ನಿಮಿಷ ಐಸ್, ಹತ್ತು ನಿಮಿಷ ಬಿಡುವು, ಮತ್ತೆ ಹತ್ತು ನಿಮಿಷ ಐಸ್ ಇಟ್ಟರು. ಕ್ರೇಪ್ ಬ್ಯಾಂಡೇಜನ್ನು ಬೆರಳುಗಳ ಬುಡದಿಂದ ಶುರು ಮಾಡಿ ಮೇಲಕ್ಕೆ ಸುತ್ತಿದರು. ಬೆರಳು ನೀಲಿಯಾಗುವಷ್ಟು ಬಿಗಿಯಲ್ಲ, ಮಲಗುವಾಗ ಸಡಿಲ ಮಾಡಿದರು. ಶನಿವಾರ ಎಚ್ಚರವಿದ್ದಾಗ ಎರಡು ಮೂರು ಗಂಟೆಗೊಮ್ಮೆ ಇದೇ ಕ್ರಮ. ಪ್ರತಿ ಸಲ ಐಸ್ ತೆಗೆದು ಸ್ವಲ್ಪ ಹೊತ್ತಾದ ಮೇಲೆ ಪಾದವನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿದರು, ಹೆಬ್ಬೆರಳಿಂದ ಗಾಳಿಯಲ್ಲಿ ಅ ಆ ಇ ಈ ಬರೆದರು. ಚುರುಕ್ ಅನ್ನುವ ನೋವು ಬಂದರೆ ಅಲ್ಲಿಗೇ ನಿಲ್ಲಿಸುವುದು, ಎಳೆತ ಮಾತ್ರ ಅನಿಸಿದರೆ ಮುಂದುವರಿಸುವುದು. ಭಾನುವಾರ ಐಸ್ ದಿನಕ್ಕೆ ಎರಡು ಸಲಕ್ಕೆ ಇಳಿಯಿತು. ಕುಂಟುತ್ತಾ ಮನೆಯೊಳಗೆ ಓಡಾಟ.

ಸೋಮವಾರ ಬೆಳಿಗ್ಗೆ ಎದ್ದಾಗ ಸೊಂಟ ಹಿಡಿದುಕೊಂಡಿತ್ತು. ಕಾರಣ ಊಹಿಸುವುದು ಕಷ್ಟವಲ್ಲ. ಎರಡು ದಿನ ಸೋಫಾದಲ್ಲಿ ಕಾಲು ಮೇಲಿಟ್ಟು, ಬೆನ್ನು ಬಾಗಿಸಿ ಅರ್ಧ ಮಲಗಿದ್ದರು. ನಡೆದಾಗಲೆಲ್ಲ ಎಡಗಾಲಿಗೇ ಭಾರ ಹಾಕಿ, ಸೊಂಟವನ್ನು ಒಂದು ಕಡೆ ಎತ್ತಿ ನಡೆದಿದ್ದರು. ಈಗ ಐಸ್ ಪ್ಯಾಕ್ ಕೈಯಲ್ಲೇ ಇದೆ, ಅದನ್ನೇ ಸೊಂಟಕ್ಕೂ ಇಡೋಣ ಅನಿಸುತ್ತದೆ. ಅಥವಾ ಬಿಸಿನೀರಿನ ಚೀಲ ತಂದಿದ್ದಾಯಿತಲ್ಲ, ಕಾಲಿಗೂ ಇಡೋಣ ಅನಿಸುತ್ತದೆ. ಎರಡೂ ಬೇಡ. ಎರಡು ಜಾಗ, ಎರಡು ಬೇರೆ ಸ್ಥಿತಿ.

ಕಾಲಿಗೆ ಏನು ಮಾಡಬೇಕು ಅನ್ನುವುದಕ್ಕೆ ಅಂಗೈ ಹಿಂಭಾಗದ ಪರೀಕ್ಷೆ ಸಾಕು. ಕೈಯ ಹಿಂಬದಿಯನ್ನು ಮೊದಲು ಚೆನ್ನಾಗಿರುವ ಗಿಣ್ಣಿಗೆ, ಆಮೇಲೆ ಉಳುಕಿದ ಗಿಣ್ಣಿಗೆ ಇಟ್ಟು ನೋಡುವುದು. ಉಳುಕಿದ ಕಡೆ ಇನ್ನೂ ಬಿಸಿ ಇದೆ, ನಿನ್ನೆಗಿಂತ ಊತ ಹೆಚ್ಚಿದೆ ಅಂದರೆ ಶಾಖಕ್ಕೆ ಇನ್ನೂ ಸಮಯ ಬಂದಿಲ್ಲ. ಎರಡೂ ಒಂದೇ ಥರ ಬೆಚ್ಚಗಿದ್ದು, ಊತ ಇಳಿಮುಖವಾಗಿದ್ದು, ನೋವಿಗಿಂತ ‘ಬೆಳಿಗ್ಗೆ ಗಡುಸು’ ಅನ್ನುವುದೇ ಮುಖ್ಯ ತೊಂದರೆಯಾಗಿದ್ದರೆ, ಆಗ ಕಾಲಿಗೂ ವ್ಯಾಯಾಮದ ಮೊದಲು ಹದವಾದ ಬಿಸಿ ಕೊಡಬಹುದು. ಕೊಟ್ಟ ಅರ್ಧ ಗಂಟೆಯಲ್ಲಿ ಊತ ಏರಿತು ಅಂದರೆ ಅವಸರವಾಯಿತು ಎಂದರ್ಥ, ಎರಡು ದಿನ ಬಿಟ್ಟು ನೋಡುವುದು. ನಮ್ಮ ಉದಾಹರಣೆಯವರಿಗೆ ಸೋಮವಾರ ಗಿಣ್ಣು ಇನ್ನೂ ಬೆಚ್ಚಗಿತ್ತು. ಕಾಲಿಗೆ ಸಂಜೆ ಮಾತ್ರ ಐಸ್ ಮುಂದುವರಿಯಿತು.

ಸೊಂಟಕ್ಕೆ ಬಿಸಿನೀರಿನ ಚೀಲ. ಕುದಿಯುವ ನೀರಲ್ಲ, ಮೂರರಲ್ಲಿ ಎರಡು ಭಾಗದಷ್ಟು ಮಾತ್ರ ತುಂಬಿ, ಗಾಳಿ ತೆಗೆದು, ಟವೆಲ್ ಸುತ್ತಿ. ಹಿತವಾಗಿ ಬಿಸಿ ಅನಿಸಬೇಕು, ತಾಳಿಕೊಳ್ಳಬೇಕು ಅನಿಸಬಾರದು. ಅದರ ಮೇಲೆ ಮಲಗಬಾರದು, ದೇಹದ ಭಾರಕ್ಕೆ ಚೀಲ ಒಡೆಯಬಹುದು, ಶಾಖವೂ ಒಂದೇ ಕಡೆ ಒತ್ತುತ್ತದೆ. ಒರಗಿ ಕೂತೋ, ಮಗ್ಗುಲಾಗಿಯೋ ಇಟ್ಟುಕೊಳ್ಳುವುದು. ಹದಿನೈದು ಇಪ್ಪತ್ತು ನಿಮಿಷ ಸಾಕು. ತೆಗೆದ ತಕ್ಷಣ, ಸಡಿಲವಾಗಿರುವಾಗಲೇ, ಬೆನ್ನ ಮೇಲೆ ಮಲಗಿ ಮೊಣಕಾಲು ಮಡಚಿ, ಎರಡೂ ಮೊಣಕಾಲನ್ನು ಒಟ್ಟಿಗೆ ಎಡಕ್ಕೆ ಬಲಕ್ಕೆ ನಿಧಾನವಾಗಿ ಹೊರಳಿಸುವುದು. ಒಂದೊಂದೇ ಮೊಣಕಾಲನ್ನು ಎದೆಯ ಕಡೆ ಎಳೆದುಕೊಳ್ಳುವುದು. ಆಮೇಲೆ ಎದ್ದು ಕಾಲು ತಡೆಯುವಷ್ಟು ನಡೆಯುವುದು. ಕುಂಟುವುದನ್ನು ಕಡಿಮೆ ಮಾಡಲು ಕೆಲವು ದಿನ ಎಡಗೈಯಲ್ಲಿ ಕೋಲು ಹಿಡಿದರೆ, ಅಂದರೆ ಉಳುಕಿದ ಕಾಲಿನ ಎದುರು ಕೈಯಲ್ಲಿ, ಸೊಂಟಕ್ಕೆ ಅದೇ ದೊಡ್ಡ ಚಿಕಿತ್ಸೆ. ಕುಂಟಾಟ ನಿಲ್ಲದೆ ಎಷ್ಟು ಶಾಖ ಕೊಟ್ಟರೂ ಆ ಬಿಗಿತ ಮರಳಿ ಬರುತ್ತದೆ.

ಬುಧವಾರದ ಹೊತ್ತಿಗೆ ಸೊಂಟ ಸುಮಾರಾಗಿ ಬಿಟ್ಟಿತ್ತು, ಶಾಖ ದಿನಕ್ಕೆ ಒಂದು ಸಲಕ್ಕೆ ಬಂತು. ಗುರುವಾರ ಎರಡೂ ಗಿಣ್ಣು ಒಂದೇ ಬೆಚ್ಚಗಿದ್ದವು. ಅಲ್ಲಿಗೆ ಐಸ್ ನಿಂತಿತು.

ಎರಡೂ ಬೇಡವಾದಾಗ

ಸಕ್ಕರೆ ಕಾಯಿಲೆಯಿಂದಲೋ ಬೇರೆ ಕಾರಣದಿಂದಲೋ ಪಾದದ ಸ್ಪರ್ಶ ಮಂಕಾಗಿರುವವರು ಐಸನ್ನೂ ಶಾಖವನ್ನೂ ವೈದ್ಯರನ್ನು ಕೇಳದೆ ಇಡಬಾರದು. ಸುಡುತ್ತಿದೆ ಅನ್ನುವ ಎಚ್ಚರಿಕೆಯೇ ಅವರಿಗೆ ಬರುವುದಿಲ್ಲ. ಚಳಿಗೆ ಬೆರಳು ಬಿಳಿಚಿ ನೀಲಿಯಾಗುವ ರೇನಾಡ್ ಸಮಸ್ಯೆ ಇರುವವರಿಗೆ, ತಣ್ಣನೆಯದು ತಗುಲಿದರೆ ಮೈಯಲ್ಲಿ ದದ್ದು ಏಳುವವರಿಗೆ, ಕಾಲಿನ ರಕ್ತ ಸಂಚಾರ ಕಡಿಮೆ ಇರುವವರಿಗೆ ಐಸ್ ಬೇಡ. ನೋವಿನ ಮುಲಾಮು ಹಚ್ಚಿದ ಜಾಗಕ್ಕೆ ಹೀಟಿಂಗ್ ಪ್ಯಾಡ್ ಇಟ್ಟು ಚರ್ಮ ಸುಟ್ಟುಕೊಳ್ಳುವುದು ಆಗುತ್ತಲೇ ಇರುತ್ತದೆ, ಮುಲಾಮು ಅಥವಾ ಶಾಖ, ಎರಡರಲ್ಲಿ ಒಂದು. ಚರ್ಮಕ್ಕೆ ಅಂಟಿಸುವ ಔಷಧಿ ಪಟ್ಟಿ ಇದ್ದರೆ ಅದರ ಮೇಲೆ ಶಾಖ ಬೇಡವೇ ಬೇಡ. ಕೆಲವು ಪಟ್ಟಿಗಳಲ್ಲಿ, ಮುಖ್ಯವಾಗಿ ಫೆಂಟಾನಿಲ್ ಪಟ್ಟಿಯಲ್ಲಿ, ಬಿಸಿಗೆ ಔಷಧಿ ಒಮ್ಮೆಲೇ ಜಾಸ್ತಿ ಒಳಹೋಗುತ್ತದೆ. ದಿನವೂ ತಾಸುಗಟ್ಟಲೆ ಪ್ಯಾಡ್ ಇಡುವವರ ಸೊಂಟದಲ್ಲಿ ಬಲೆಯಂತೆ ಕಂದುಕೆಂಪು ಗುರುತು ಮೂಡಿದರೆ ಅದು ಅತಿಯಾದ ಶಾಖದ ಗುರುತು, ಅಲ್ಲಿಗೆ ನಿಲ್ಲಿಸಬೇಕು.

ಇನ್ನು ಕೆಲವು ಸೊಂಟನೋವು ಸ್ನಾಯುವಿನದ್ದಲ್ಲ. ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದು ಮತ್ತು ಗುದದ ಸುತ್ತ ಜೋಮು ಹಿಡಿದರೆ, ಕಾಲಿನ ಶಕ್ತಿ ಕುಂದುತ್ತಾ ಹೋದರೆ ಅದೇ ದಿನ, ಅದೇ ಗಂಟೆ ಆಸ್ಪತ್ರೆಗೆ ಹೋಗಬೇಕು. ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಒತ್ತಿಕೊಂಡಿರಬಹುದು, ತಡವಾದರೆ ಕಳೆದುಕೊಂಡದ್ದು ಮರಳಿ ಬರದಿರಬಹುದು. ಸೊಂಟನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಇದ್ದದ್ದು, ದೊಡ್ಡ ಪೆಟ್ಟು, ವರ್ಷಗಟ್ಟಲೆ ಸ್ಟಿರಾಯ್ಡ್ ತೆಗೆದುಕೊಂಡದ್ದು ಇವುಗಳಲ್ಲಿ ಯಾವುದಿದ್ದರೂ ಬಿಸಿ ಚೀಲ ಪಕ್ಕಕ್ಕಿಟ್ಟು ವೈದ್ಯರ ಹತ್ತಿರ ಹೋಗುವುದು ಸರಿ.

ಉಳುಕಿದ ಕಾಲಿನ ವಿಷಯದಲ್ಲಿ ಜನ ಎಡವುವುದು ಇನ್ನೂ ತಡವಾಗಿ, ನೋವು ಹೋದ ಮೇಲೆ. ಐಸ್ ನಿಂತಿತು, ಊತ ಇಳಿಯಿತು, ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಒಮ್ಮೆ ಎಳೆದ ಲಿಗಮೆಂಟ್‌ನ ಜೊತೆ ಪಾದದ ಸಮತೋಲನದ ಅರಿವೂ ಕೆಟ್ಟಿರುತ್ತದೆ, ಅದೇ ಕಾಲು ಮತ್ತೆ ಮತ್ತೆ ಉಳುಕುವುದಕ್ಕೆ ಇದೊಂದು ದೊಡ್ಡ ಕಾರಣ. ಇದನ್ನು ಐಸೂ ಸರಿ ಮಾಡುವುದಿಲ್ಲ, ಶಾಖವೂ ಮಾಡುವುದಿಲ್ಲ. ನೋವಿಲ್ಲದೆ ನಡೆಯಲು ಬಂದ ಮೇಲೆ, ಗೋಡೆಯ ಪಕ್ಕ ನಿಂತು ಉಳುಕಿದ ಕಾಲೊಂದರ ಮೇಲೆ ಅರ್ಧ ನಿಮಿಷ ನಿಲ್ಲಲು ಪ್ರಯತ್ನಿಸಬೇಕು, ದಿನಕ್ಕೆ ಕೆಲವು ಸಲ. ಅದು ಸುಲಭವಾದರೆ ಕಣ್ಣು ಮುಚ್ಚಿ. ಎರಡೂ ಕಾಲಲ್ಲಿ ಒಂದೇ ಥರ ನಿಲ್ಲಲು ಬರುವವರೆಗೆ ಇದನ್ನು ಕೆಲವು ವಾರ ಮಾಡಬೇಕಾಗುತ್ತದೆ, ಆಟಕ್ಕೆ ಮರಳುವುದು ಅದಾದ ಮೇಲೆ. ಆರು ವಾರ ಕಳೆದರೂ ಗಿಣ್ಣು ಕುಸಿದಂತೆ ಅನಿಸುತ್ತಿದ್ದರೆ, ಅಥವಾ ಕೀಲಿನೊಳಗೆ ಏನೋ ಸಿಕ್ಕಿಕೊಂಡ ಹಾಗೆ ತಡೆಯುತ್ತಿದ್ದರೆ, ಲಿಗಮೆಂಟ್ ಪೂರ್ತಿ ಹರಿದಿದೆಯಾ, ಕೀಲಿನ ಮೃದ್ವಸ್ಥಿಗೆ ಪೆಟ್ಟಾಗಿದೆಯಾ ಅಂತ ಮೂಳೆ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು.